ಫ್ರೆಂಚ್ ತೊಟ್ಟಿಲಿಗೊಂದು ಕನ್ನಡದ ಜೋಗುಳ

ತೊಟ್ಟಿಲಲ್ಲಿ ಮಲಗಿದ ಕೂಸಿಗೆ ಕನ್ನಡವೂ ಒಂದೇ, ಫ್ರೆಂಚೂ ಒಂದೇ. ಯಾವ ಭಾಷೆಯೂ ಅದಕ್ಕೆ ಇನ್ನೂ ತಿಳಿಯದು. ಆದರೂ ತಾಯಿಯೋ ಅಜ್ಜಿಯೋ ಅಕ್ಕನೋ ಮೆಲುದನಿಯಲ್ಲಿ ಹಾಡತೊಡಗಿದರೆ ಅಳು ತಗ್ಗುತ್ತದೆ, ರೆಪ್ಪೆ ಭಾರವಾಗುತ್ತದೆ. ಮಗುವನ್ನು ಮಲಗಿಸುವುದು ಹಾಡಿನ ಅರ್ಥವಲ್ಲ, ಅದರ ನಾದ. ಅರ್ಥವೇನಿದ್ದರೂ ಹಾಡುವವರ ಸಮಾಧಾನಕ್ಕೆ. ಬೇರೆ ಜಾತಿಯ ಕವಿತೆಯನ್ನು ಅನುವಾದಿಸುವಾಗ ನಾದ ಕೈಬಿಟ್ಟು ಅರ್ಥವಷ್ಟೇ ಉಳಿದರೂ ಅರ್ಧ ಫಲ ದಕ್ಕಿತೆಂದು ತೃಪ್ತಿಪಡಬಹುದು. ಜೋಗುಳದಲ್ಲಿ ಹಾಗೆ ಮಾಡಿದರೆ ಮಗು ಎದ್ದು ಕುಳಿತುಕೊಳ್ಳುತ್ತದೆ.

ಈ ಕಷ್ಟ ಎಂಥದೆಂಬುದನ್ನು ಒಂದೇ ಒಂದು ಹಾಡನ್ನು ಹಿಡಿದು ನೋಡೋಣ. ಫ್ರಾನ್ಸಿನ ಮನೆಮನೆಗಳಲ್ಲಿ ಬಳಕೆಯಲ್ಲಿರುವ, ಕವಿ ಯಾರೆಂದು ಹೆಸರಿಲ್ಲದ ಒಂದು ಜನಪದ ಜೋಗುಳವಿದೆ. ಅದನ್ನು ಜನ ‘ಫೆ ದೊದೊ’ ಎಂದು ಕರೆಯುತ್ತಾರೆ. ನಾವು ತೂಗುವ ಹಾಡು ಎನ್ನುವಂತೆ ಫ್ರೆಂಚರೂ ಜೋಗುಳಕ್ಕೆ ‘ತೂಗುವುದು’ ಎಂಬರ್ಥದ ಕ್ರಿಯಾಪದದಿಂದಲೇ ಹೆಸರು ಮಾಡಿಕೊಂಡಿದ್ದಾರೆ. ತೊಟ್ಟಿಲ ಚಲನೆಯೇ ಹಾಡಿನ ತಾಯಿಬೇರು ಎಂಬುದನ್ನು ಎರಡು ಭಾಷೆಗಳೂ ಬೇರೆ ಬೇರೆಯಾಗಿಯೇ ಕಂಡುಕೊಂಡಿವೆ.

ಹಾಡಿನ ಮನೆ

ಹಾಡಿನ ವಿಷಯ ಬಹು ಚಿಕ್ಕದು. ಹಾಡುತ್ತಿರುವುದು ತಾಯಿಯಲ್ಲ, ಮನೆಯ ಹಿರಿಯ ಮಗು. ತೊಟ್ಟಿಲಲ್ಲಿರುವವನು ಅದರ ಪುಟ್ಟ ತಮ್ಮ. ಹೆಸರು ಕೊಲಾ, ಎಂದರೆ ನಿಕೋಲಾ ಎಂಬುದರ ಮುದ್ದಿನ ಮೊಟಕುರೂಪ. ಮಲಗಿದರೆ ಹಾಲು ಸಿಗುತ್ತದೆಂದು ಅವನಿಗೆ ಆಸೆ ತೋರಿಸಲಾಗುತ್ತದೆ. ಆಮೇಲೆ ಮನೆಯ ಸಮಾಚಾರ. ಅಮ್ಮ ಮೇಲುಮಹಡಿಯಲ್ಲಿ ಕೇಕು ಮಾಡುತ್ತಿದ್ದಾಳೆ. ಅಪ್ಪ ಕೆಳಗೆ ಚಾಕೊಲೇಟು ಮಾಡುತ್ತಿದ್ದಾನೆ. ಇಷ್ಟು ಹೇಳಿ ಹಾಡು ತನ್ನ ಪಲ್ಲವಿಗೆ ಮರಳುತ್ತದೆ. ಮುಂದಿನ ನುಡಿಗಳೂ ಇದೇ ಅಚ್ಚಿನವು. ಕೆಲವು ಪಾಠಗಳಲ್ಲಿ ಅಕ್ಕ ಮೇಲೆ ಕುಳಿತು ಟೋಪಿಗಳನ್ನು ಮಾಡುತ್ತಾಳೆ. ಅಣ್ಣ ಕೆಳಗೆ ನೂಗಾ ಎಂಬ ಸಿಹಿತಿಂಡಿ ಮಾಡುತ್ತಾನೆ.

ಇದರಲ್ಲಿ ಕವಿತ್ವವೆಲ್ಲಿ ಎಂದು ವಾಚಕರು ಕೇಳಬಹುದು. ತೊಟ್ಟಿಲಲ್ಲಿ ಒಂಟಿಯಾಗಿ ಮಲಗಿದ ಮಗುವಿಗೆ ಇರುವ ಭಯ ಒಂದೇ: ಎಲ್ಲರೂ ಎಲ್ಲಿ ಹೋದರು? ಹಾಡು ಉತ್ತರ ಕೊಡುವುದು ಆ ಪ್ರಶ್ನೆಗೆ. ಒಬ್ಬರು ಮೇಲಿದ್ದಾರೆ, ಒಬ್ಬರು ಕೆಳಗಿದ್ದಾರೆ, ನಾನಂತೂ ಬಳಿಯಲ್ಲೇ ಇದ್ದೇನೆ. ಮೇಲೂ ಕೆಳಗೂ ಮನೆಯವರೇ, ನಡುವೆ ನೀನು. ಹೀಗೆ ಮೇಲೆ–ಕೆಳಗೆ ಎಂಬ ಎರಡು ಸಾಮಾನ್ಯ ಮಾತುಗಳು ಮಗುವಿನ ಸುತ್ತ ಮನೆಯೊಂದನ್ನು ಕಟ್ಟುತ್ತವೆ. ಅನುವಾದಕನು ಬೇರೆ ಏನನ್ನು ಬಿಟ್ಟರೂ ಈ ಮನೆಯನ್ನು ಕೆಡವಬಾರದು. ಹಾಡುವವರನ್ನು ತಾಯಿಯನ್ನಾಗಿ ಮಾಡಿದರೂ ಅದು ಕೆಡುತ್ತದೆ; ತಾಯಿ ಪಕ್ಕದಲ್ಲೇ ಇದ್ದಮೇಲೆ ಅವಳು ಮೇಲಿದ್ದಾಳೆಂದು ಹೇಳುವವರು ಯಾರು?

ಎರಡು ಸ್ವರಗಳ ಸಂಚು

ಇನ್ನು ನಾದದ ಮಾತು. ಫ್ರೆಂಚಿನ ಕಾಗುಣಿತ ಕಣ್ಣಿಗೆ ಕಾಣುವುದೊಂದು, ಕಿವಿಗೆ ಬೀಳುವುದೊಂದು. ಪದದ ತುದಿಯಲ್ಲಿ ಬರೆದ ವ್ಯಂಜನಗಳು ಎಷ್ಟೋ ಕಡೆ ಉಚ್ಚಾರದಲ್ಲಿ ಅಡಗಿಹೋಗುತ್ತವೆ. ‘ಮೇಲೆ’ ಎಂಬುದಕ್ಕೆ ಈ ಹಾಡಿನಲ್ಲಿ ಬರುವ ಮಾತನ್ನು ಬಾಯಿಬಿಟ್ಟು ಹೇಳಿದರೆ ಉಳಿಯುವುದು ಬರಿಯ ‘ಓ’. ಕೇಕಿಗೆ ‘ಗಾತೋ’. ನಿದ್ದೆಗೆ ‘ದೊದೊ’, ಹಾಲಿಗೆ ‘ಲೊಲೊ’. ಇವೆಲ್ಲವೂ ಓಕಾರದಲ್ಲಿ ನಿಲ್ಲುತ್ತವೆ. ‘ಕೆಳಗೆ’ ಎಂಬುದಕ್ಕೆ ‘ಬಾ’, ಚಾಕೊಲೇಟಿಗೆ ‘ಶೊಕೊಲಾ’. ಇವು ಆಕಾರದಲ್ಲಿ ನಿಲ್ಲುತ್ತವೆ. ತಮ್ಮ ಎಂಬರ್ಥದ ಮಾತೊಂದನ್ನು ಬಿಟ್ಟರೆ ಪಲ್ಲವಿಯಲ್ಲೂ ಮೊದಲ ನುಡಿಯಲ್ಲೂ ಸಾಲುಗಳ ತುದಿಯಲ್ಲಿ ಈ ಎರಡೇ ಸ್ವರಗಳು. ಮಗುವಿನ ಹೆಸರು ಕೊಲಾ. ಅದರಲ್ಲಿ ಮೊದಲು ಒಕಾರ, ಆಮೇಲೆ ಆಕಾರ! ಹಾಡಿನ ನಾದವೆಲ್ಲ ಆ ಪುಟ್ಟ ಹೆಸರಿನಲ್ಲಿ ಮುದುಡಿಕೊಂಡಿದೆ.

ಅಕ್ಕನು ಟೋಪಿಯನ್ನೇ ಏಕೆ ಮಾಡಬೇಕು, ಅಣ್ಣನು ನೂಗಾವನ್ನೇ ಏಕೆ ಮಾಡಬೇಕು ಎಂಬುದಕ್ಕೂ ಕಾರಣ ಇಲ್ಲಿಯೇ ಇದೆ. ಟೋಪಿಗೆ ಫ್ರೆಂಚಿನಲ್ಲಿ ‘ಶಾಪೋ’. ಅದು ‘ಓ’ ಎಂದು ಮುಗಿಯುತ್ತದಾದ್ದರಿಂದ ಮೇಲುಮಹಡಿಗೆ ಏರಿತು. ‘ನೂಗಾ’ ಆಕಾರದಲ್ಲಿ ಮುಗಿಯುತ್ತದಾದ್ದರಿಂದ ಕೆಳಗಿಳಿಯಿತು. ಈ ಮನೆಯಲ್ಲಿ ಯಾರು ಏನು ಮಾಡಬೇಕೆಂಬುದನ್ನು ಗೊತ್ತುಮಾಡುವುದು ಪ್ರಾಸ. ಇದನ್ನು ಕಂಡುಕೊಂಡ ಅನುವಾದಕನ ಮನಸ್ಸು ಹಗುರವಾಗುತ್ತದೆ. ಪದಾರ್ಥ ಬದಲಾದರೂ ಅಪಚಾರವಿಲ್ಲ, ಸ್ವರ ಬದಲಾದರೆ ಅಪಚಾರ.

ಸ್ವರದಲ್ಲಿ ಮುಗಿಯುವ ಮಾತಿನ ಗುಣವೆಂದರೆ ಅದನ್ನು ಉಸಿರಿರುವಷ್ಟು ಹೊತ್ತು ಎಳೆಯಬಹುದು, ಎಳೆದೆಳೆದು ಕರಗಿಸಬಹುದು. ವ್ಯಂಜನದಲ್ಲಿ ಮುಗಿದರೆ ಬಾಗಿಲು ಹಾಕಿದಂತೆ ಸದ್ದಾಗುತ್ತದೆ. ಈ ವಿಷಯದಲ್ಲಿ ಕನ್ನಡಿಗರು ಭಾಗ್ಯವಂತರು. ಹಳಗನ್ನಡದ ಪೊನ್, ಪಾಲ್ ಎಂಬ ವ್ಯಂಜನಾಂತ ಪದಗಳೆಲ್ಲ ಹೊಸಗನ್ನಡದಲ್ಲಿ ಹೊನ್ನು, ಹಾಲು ಎಂದು ಸ್ವರಾಂತವಾಗಿವೆ. ಅದಕ್ಕಿಂತ ಹೆಚ್ಚಿನ ಭಾಗ್ಯ, ನಮ್ಮ ಜೋಗುಳದ ಮೊದಲಕ್ಷರವೇ ‘ಜೋ’ ಆಗಿರುವುದು. ಫ್ರೆಂಚರ ದೊದೊ ಯಾವ ಸ್ವರವನ್ನು ಹಿಡಿದಿದೆಯೋ ನಮ್ಮ ಜೋಜೋ ಅದೇ ಸ್ವರವನ್ನು ಹಿಡಿದಿದೆ. ಪುಟ್ಟ ಹುಡುಗನನ್ನು ನಾವು ಕರೆಯುವ ರೀತಿಯಲ್ಲೂ ಇವೇ ಎರಡು ಸ್ವರಗಳು: ಬಾರೋ, ಮಲಗೋ ಎನ್ನುವಲ್ಲಿ ಓಕಾರ, ತಮ್ಮಾ, ಕಂದಾ ಎನ್ನುವಲ್ಲಿ ಆಕಾರ.

ನಿಘಂಟು ಎಬ್ಬಿಸಿದ ಮಗು

ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಪದಕ್ಕೆ ಪದವಿಟ್ಟರೆ ಏನಾಗುತ್ತದೆಂದು ನೋಡಿ. ಮೊದಲಿಗೇ ‘ನಿದ್ದೆ ಮಾಡು’ ಎಂದು ಬರೆಯಬೇಕು. ‘ದ್ದೆ’ ಎಂಬಲ್ಲಿ ನಾಲಗೆ ಹಲ್ಲಿಗೆ ಬಡಿದು ತಡೆದು ನಿಲ್ಲುತ್ತದೆ. ತೊಟ್ಟಿಲು ಗೋಡೆಗೆ ತಗಲಿದ ಹಾಗೆ. ನಿದ್ದೆಯ ಹೆಸರೇ ನಿದ್ದೆ ಕೆಡಿಸುವಂಥದು! ಮುಂದೆ ‘ಸಿಗುತ್ತದೆ’, ‘ಮಾಡುತ್ತಿದ್ದಾಳೆ’, ‘ಮಾಡುತ್ತಿದ್ದಾನೆ’. ಒತ್ತಕ್ಷರಗಳು ಒಂದರ ಮೇಲೊಂದು ಬೀಳುತ್ತವೆ. ಮೆಲ್ಲಗೆ ಪಿಸುಗುಡಬೇಕೆಂದರೂ ತ್ತಿ, ದ್ದಾ ಎಂಬವು ತಾವಾಗಿ ಗಟ್ಟಿಯಾಗಿ ಕೇಳಿಸುತ್ತವೆ.

ಇದಕ್ಕಿಂತ ಆಳವಾದ ತೊಡಕು ವಾಕ್ಯರಚನೆಯದು. ಫ್ರೆಂಚಿನಲ್ಲಿ ಕ್ರಿಯಾಪದ ನಡುವೆ ಬಂದು ಕೇಕು, ಚಾಕೊಲೇಟುಗಳು ಸಾಲಿನ ತುದಿಗೆ ಬರುತ್ತವೆ. ಪ್ರಾಸವು ಮಗುವಿನ ಬಾಯಲ್ಲಿ ನೀರೂರಿಸುವ ಪದಾರ್ಥದ ಮೇಲೆಯೇ ಬೀಳುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಯದು. ಸಾಲುಗಳೆಲ್ಲ ‘–ತ್ತಾಳೆ’, ‘–ತ್ತಾನೆ’ ಎಂದು ಮುಗಿದು ಪ್ರಾಸವೆಂಬುದು ಬರಿಯ ಪ್ರತ್ಯಯದ ಪುನರುಕ್ತಿಯಾಗುತ್ತದೆ. ಪುನರುಕ್ತಿ ಜೋಗುಳಕ್ಕೆ ಬೇಕಾದದ್ದೇ, ನಿಜ. ಆದರೆ ಮರಳಿ ಬರಬೇಕಾದದ್ದು ಮಗು ಬಲ್ಲ ಮಾತು, ವ್ಯಾಕರಣದ ಬಾಲವಲ್ಲ. ಆದ್ದರಿಂದ ಕರ್ಮಪದವನ್ನು ಕೊನೆಗೆ ತರಬೇಕು. ಮಾತಿನಲ್ಲಿ ಇದು ಅಪರೂಪ, ಹಾಡಿನಲ್ಲಿ ಸಹಜ.

ಗತಿಯನ್ನು ಹುಡುಕಿ

ಮೂಲದ ಪಲ್ಲವಿಯಲ್ಲಿ ಮೂರು ಅಕ್ಷರಗಳ ಒಂದು ತುಣುಕು, ಐದು ಅಕ್ಷರಗಳ ಒಂದು ತುಣುಕು. ಮತ್ತೆ ಅದೇ ಮೂರು, ಅದೇ ಐದು. ನುಡಿಯ ಸಾಲುಗಳು ಐದೈದು ಅಕ್ಷರಗಳವು. ಕೊನೆಯದೊಂದರಲ್ಲಿ ಮಾತ್ರ ಆರು. ಫ್ರೆಂಚರ ಛಂದಸ್ಸು ಅಕ್ಷರಗಳನ್ನು ಎಣಿಸುತ್ತದೆ. ನಮ್ಮ ಹಾಡುಗಳ ಕಿವಿ ಎಣಿಸುವುದು ಮಾತ್ರೆಗಳನ್ನು. ಅವರ ಐದು ಅಕ್ಷರಕ್ಕೆ ನಮ್ಮ ಐದು ಅಕ್ಷರವನ್ನೇ ಇಟ್ಟರೆ ಒಂದು ಕಡೆ ಲಘುಗಳು ಓಡುತ್ತವೆ, ಇನ್ನೊಂದು ಕಡೆ ಗುರುಗಳು ತೂಕಡಿಸುತ್ತವೆ. ತೂಗುವ ಕೈಗೆ ಎರಡೂ ಹೊಂದುವುದಿಲ್ಲ. ಅಕ್ಷರಸಂಖ್ಯೆಯನ್ನು ಬಿಟ್ಟು ಗತಿಯನ್ನು ಹಿಡಿಯಬೇಕು.

ಆ ಹಾಡಿನ ಮಟ್ಟು ಮೂರರ ಗತಿಯದು. ತೊಟ್ಟಿಲು ಅತ್ತ ಹೋಗಲು ಮೂರು ಎಣಿಕೆ, ಇತ್ತ ಬರಲು ಮೂರು ಎಣಿಕೆ. ನಮ್ಮಲ್ಲಿ ಮೂರು ಮಾತ್ರೆಯ ಗಣಗಳ ನಡಿಗೆಗೆ ಉತ್ಸಾಹ ಲಯವೆಂದು ಹೆಸರು. ಉತ್ಸಾಹ ರಗಳೆಯ ಸಾಲಿನಲ್ಲಿ ಇಂಥ ನಾಲ್ಕು ಗಣಗಳು. ನಿದ್ದೆಗೆ ಉತ್ಸಾಹವೇ ಎಂದು ನಗಬೇಡಿ. ಬೇಗ ಹೇಳಿದರೆ ಕುಣಿಸುವ ಗತಿಯೇ ನಿಧಾನಿಸಿದರೆ ತೂಗುತ್ತದೆ. ‘ಅಮ್ಮ ಮೇಲೆ’ ಎಂದು ಹೇಳಿ ನೋಡಿ: ‘ಅಮ್ಮ’ ಮೂರು ಮಾತ್ರೆ, ‘ಮೇಲೆ’ ಮೂರು ಮಾತ್ರೆ. ‘ಅಪ್ಪ ಕೆಳಗೆ’ ಎಂದರೂ ಮೂರು, ಮೂರು. ನಮ್ಮ ಮನೆಮಾತೇ ತೊಟ್ಟಿಲ ಹಗ್ಗವನ್ನು ಹಿಡಿದುಕೊಂಡು ನಿಂತಿದೆ.

ಒಂದೊಂದು ಮಾತಿನ ಲೆಕ್ಕ

ದೊದೊ ಎಂಬುದು ಮಕ್ಕಳ ಮಾತು. ಮಲಗುವುದು ಎಂಬರ್ಥದ ‘ದೊರ್ಮೀರ್’ ಎಂಬ ಕ್ರಿಯಾಪದದ ಮೊದಲಕ್ಷರ ಎರಡು ಸಲ ಬಂದು ಆದದ್ದೆಂದು ಹೇಳುತ್ತಾರೆ. ಹಾಡಿನ ಹೆಸರಿಗೆ ‘ದೊದೊ ಮಾಡು’ ಎಂದೇ ಅರ್ಥ. ನಮ್ಮ ಕಡೆಯ ತಾಯಂದಿರು ‘ತಾಚಿ ಮಾಡು’ ಎನ್ನುವುದಿಲ್ಲವೇ? ಅರ್ಥಕ್ಕೆ, ವ್ಯಾಕರಣಕ್ಕೆ, ವಾತ್ಸಲ್ಯಕ್ಕೆ ಇದಕ್ಕಿಂತ ಸರಿಯಾದ ಜೋಡಿ ಸಿಕ್ಕದು. ಆದರೂ ಇಲ್ಲಿ ಅದು ಸಲ್ಲದು. ‘ಚಿ’ ಎಂಬಲ್ಲಿ ಬಾಯಿ ಕಿರಿದಾಗಿ ಸ್ವರ ಮೊಟಕಾಗುತ್ತದೆ. ಎಳೆಯಲು ಹೋದರೆ ಕೀರಲು. ಅರ್ಥದ ತಾಚಿಯನ್ನು ಬಿಟ್ಟು ನಾದದ ಜೋಜೋವನ್ನು ಹಿಡಿಯುವುದೇ ಸರಿ.

(ಅಮೆರಿಕದ ಲೂಯಿಸಿಯಾನಾ ಸೀಮೆಯಲ್ಲಿ ನೆಲಸಿದ ಫ್ರೆಂಚ್ ಮೂಲದ ಜನರಲ್ಲಿ ‘ಫೆ ದೊದೊ’ ಎಂದರೆ ನೃತ್ಯಕೂಟ! ತಂದೆತಾಯಿಗಳು ಕುಣಿಯಲು ಹೋಗುವ ಮುನ್ನ ಮಕ್ಕಳನ್ನು ಹೀಗೆ ಹೇಳಿ ಮಲಗಿಸುತ್ತಿದ್ದುದರಿಂದ ಆ ಹೆಸರು ಬಂತೆಂದು ಅಲ್ಲಿನವರು ವಿವರಿಸುತ್ತಾರೆ.)

ಎರಡನೆಯದು ಹೆಸರು. ಕೊಲಾ ಎಂಬುದನ್ನು ಇದ್ದಂತೆಯೇ ತಂದರೆ ಕನ್ನಡದ ಕಿವಿಗೆ ಕೊಲೆಯ ನೆನಪಾಗುತ್ತದೆ. ತೊಟ್ಟಿಲ ಬಳಿ ಅದು ಸುಳಿಯಲೇಬಾರದು. ‘ಕೋಲಾ’ ಎಂದು ಎಳೆದರೆ ಅಂಗಡಿಯ ಪಾನೀಯವಾಗುತ್ತದೆ. ಮಗುವಿಗೆ ನಮ್ಮದೇ ಹೆಸರಿಡಬಹುದಲ್ಲ? 1926ರಲ್ಲಿ ಪ್ರಕಟವಾದ ‘ಇಂಗ್ಲಿಷ್ ಗೀತಗಳು’ ಸಂಗ್ರಹದಲ್ಲಿ ಬಿ.ಎಂ.ಶ್ರೀಯವರು ಸ್ಕಾಟ್ಲೆಂಡಿನ ಒಡೆಯನೊಬ್ಬನ ಮಗಳನ್ನು ಕಾರಿಹೆಗ್ಗಡೆಯ ಮಗಳನ್ನಾಗಿ ಮಾಡಿ ಕನ್ನಡದ ನಾಡಿಗೆ ಕರೆತಂದದ್ದು ಎಲ್ಲರಿಗೂ ತಿಳಿದಿದೆ. ಆ ದಾರಿ ಹಿಡಿದರೆ ‘ಗೋಪಾಲ’ ಎಂಬ ಹೆಸರು ಕೈಬೀಸಿ ಕರೆಯುತ್ತದೆ. ಮೊದಲು ಓಕಾರ, ಆಮೇಲೆ ಆಕಾರ, ಜತೆಗೆ ಲಕಾರ. ಎಷ್ಟು ಒಪ್ಪವಾದ ಹೊಂದಿಕೆ! ಆದರೆ ಜೋಜೋ ಎಂದು ಗೋಪಾಲ ಎಂದೊಡನೆ ಕನ್ನಡಿಗರ ತೊಟ್ಟಿಲಲ್ಲಿ ಮಲಗಿದವನು ಯಾರು? ದಾಸರು ತೂಗಿದ ಕೃಷ್ಣ. ಹಾಲು ಗೋಕುಲದ ಹಾಲಾಗುತ್ತದೆ, ಮೇಲಿರುವ ಅಮ್ಮ ಯಶೋದೆಯಾಗುತ್ತಾಳೆ, ಹಾಡು ದೇವರನಾಮವಾಗುತ್ತದೆ. ಫ್ರೆಂಚ್ ಮನೆಯ ಆ ಸಾಮಾನ್ಯ ಕೂಸು, ಹಾಲಿಗಾಗಿ ರಚ್ಚೆ ಹಿಡಿದ ಆ ಪುಟ್ಟ ತಮ್ಮ, ಮಾಯವಾಗುತ್ತಾನೆ. ಅವನನ್ನು ಉಳಿಸಿಕೊಳ್ಳಬೇಕೆಂದರೆ ಅವನ ಪೂರ್ಣ ಹೆಸರನ್ನೇ ಕರೆಯೋಣ: ನಿಕೋಲ. ಮುಂದೆ ‘ನಿ’ ಬಂದು ಕೊಲೆಯ ನೆರಳು ತೊಲಗುತ್ತದೆ. ‘ನಿಕೋ’ ಮೂರು ಮಾತ್ರೆ. ‘ಲ ತಮ್’ ಮೂರು ಮಾತ್ರೆ. ಉಳಿದ ‘ಮಾ’ ಎಷ್ಟು ಬೇಕೋ ಅಷ್ಟು ಎಳೆಯಲು. ಅಯಾಚಿತವಾಗಿ ಅಕ್ಷರಗಳೂ ಐದೇ ಆದುವು.

ಮೂರನೆಯದು ಚಾಕೊಲೇಟು. ನಮ್ಮಲ್ಲಿ ಅದು ಬಣ್ಣದ ಕಾಗದದಲ್ಲಿ ಸುತ್ತಿದ ಗಟ್ಟಿ ಮಿಠಾಯಿ. ಫ್ರೆಂಚಿನ ‘ಶೊಕೊಲಾ’ ಬಿಸಿಬಿಸಿಯಾಗಿ ಕುಡಿಯುವ ಪಾನೀಯಕ್ಕೂ ಸಲ್ಲುವ ಹೆಸರು. ಅಪ್ಪ ಕೆಳಗೆ ಮಾಡುತ್ತಿರುವುದು ಅದನ್ನೇ ಎಂದುಕೊಳ್ಳುವುದು ಸಹಜ. ಆ ಪಾನೀಯಕ್ಕೆ ನಮ್ಮ ಮನೆಗಳಲ್ಲಿ ಹೆಸರೇನು? ಕೋಕೋ! ಅಂಗಡಿಯ ಡಬ್ಬಿಯ ಮೇಲಿನ ಈ ಮಾತು ದೊದೊ, ಲೊಲೊಗಳ ಒಡಹುಟ್ಟಿದ ತಂಗಿಯಂತಿದೆ. ಒಂದೇ ಅಕ್ಷರ ಎರಡು ಸಲ, ಎರಡರಲ್ಲೂ ಓಕಾರ. ಜೋಜೋ ಎಂಬುದಕ್ಕೆ ಕೋಕೋ ತಾನಾಗಿ ಪ್ರಾಸವಾಗುತ್ತದೆ.

ಹೀಗಾದಾಗ ಮೂಲದ ವ್ಯವಸ್ಥೆ ತಲೆಕೆಳಗಾಗುವುದೂ ಉಂಟು. ಅಲ್ಲಿ ಮೇಲಿನ ಅಮ್ಮನಿಗೆ ಓಕಾರ, ಕೆಳಗಿನ ಅಪ್ಪನಿಗೆ ಆಕಾರ. ಇಲ್ಲಿ ಅಪ್ಪನಿಗೆ ಓಕಾರ ಬಂತು. ಅಮ್ಮನಿಗೆ ಆಕಾರ ಸಲ್ಲಬೇಕು. ಎರಡು ಸ್ವರಗಳು ತೊಟ್ಟಿಲಂತೆ ಅತ್ತ ಒಮ್ಮೆ ಇತ್ತ ಒಮ್ಮೆ ಬಂದರೆ ಸಾಕು. ಯಾವುದು ಯಾರ ಪಾಲಿಗೆ ಎಂಬುದು ಮುಖ್ಯವಲ್ಲ. ಕೇಕು ಎಂಬ ಉಕಾರಾಂತಕ್ಕೆ ಆಕಾರವೆಲ್ಲಿಂದ? ನಮ್ಮ ದ್ವಿತೀಯಾ ವಿಭಕ್ತಿ ಕೈಹಿಡಿಯುತ್ತದೆ. ಹಾಲನ್ನು ಎಂಬುದು ಹಾಡಿನಲ್ಲಿ ‘ಹಾಲ’ ಆಗುವಂತೆ ಕೇಕನ್ನು ಎಂಬುದು ‘ಕೇಕ’ ಆಗುತ್ತದೆ. ಎಳೆದು ಹಾಡಿದರೆ ‘ಕೇಕಾ’. ಸಂಸ್ಕೃತದಲ್ಲಿ ಕೇಕಾ ಎಂದರೆ ನವಿಲಿನ ಕೂಗೆಂದು ವಿದ್ವಾಂಸರು ಮುಗುಳುನಗಬಹುದು. ತೊಟ್ಟಿಲಲ್ಲಿರುವವನು ಇನ್ನೂ ಅಮರಕೋಶ ಓದಿಲ್ಲ.

ಹಾಡು

ಇಷ್ಟು ಲೆಕ್ಕಾಚಾರವಾದ ಮೇಲೆ ಉಳಿಯುವುದು ಆರೇ ಸಾಲುಗಳು:

ಜೋ ಜೋ ಜೋ, ನಿಕೋಲ ತಮ್ಮಾ,
ಜೋ ಜೋ ಜೋ, ಹಾಲು ನಿನಗೆ, ಜೋ.

ಅಮ್ಮ ಮೇಲೆ, ತಮ್ಮಾ,
ಮಾಡುತಾಳೆ ಕೇಕಾ;
ಅಪ್ಪ ಕೆಳಗೆ, ಜೋ ಜೋ,
ಕಾಸುತಾನೆ ಕೋಕೋ.

ಪಲ್ಲವಿಯನ್ನು ಮತ್ತೆ ಹಾಡಿದರೆ ಒಂದು ಸುತ್ತು ಮುಗಿಯಿತು. ಪಲ್ಲವಿಯ ಒಂದೊಂದು ‘ಜೋ’ ಮೂರು ಮಾತ್ರೆಯಷ್ಟು ನಿಲ್ಲಬೇಕು. ‘ಹಾಲು’, ‘ನಿನಗೆ’ ಮೂರು ಮೂರು. ಕೊನೆಯ ‘ಜೋ’ ಮತ್ತೆ ಮೂರು. ಹೀಗೆ ಪಲ್ಲವಿಯ ಎರಡು ಸಾಲುಗಳೂ ಹದಿನೆಂಟು ಮಾತ್ರೆ. ನುಡಿಯ ನಾಲ್ಕು ಸಾಲುಗಳೂ ಹನ್ನೆರಡು. ‘ಹಾಲು ನಿನಗೆ’ ಎಂಬಲ್ಲಿ ಕ್ರಿಯಾಪದವೇ ಇಲ್ಲ. ಕನ್ನಡಕ್ಕೆ ಅದು ಕೊರತೆಯಲ್ಲ. ಸಿಗುತ್ತದೆ ಎಂಬ ತಡೆ ತಪ್ಪಿತು, ಕೊಟ್ಟ ಮಾತು ಉಳಿಯಿತು.

ಇಂಥ ಅನುವಾದ ಸರಿಯಾಯಿತೋ ಇಲ್ಲವೋ ಎಂದು ಕಾಗದದ ಮೇಲೆ ನೋಡಿ ತಿಳಿಯಲಾಗದು. ತೊಟ್ಟಿಲನ್ನೋ ಜೋಲಿಯನ್ನೋ ತೂಗುತ್ತ ಹತ್ತು ಸಲ ಬಿಡದೆ ಹಾಡಬೇಕು. ತೊಟ್ಟಿಲು ತಿರುಗುವ ಕ್ಷಣದಲ್ಲಿ ನಾಲಗೆ ಎಲ್ಲಿಯಾದರೂ ಎಡವಿದರೆ ಅಲ್ಲಿ ಮಾತ್ರೆ ತಪ್ಪಿದೆ. ಆಮೇಲೆ ದನಿಯನ್ನು ಪಿಸುಮಾತಿನವರೆಗೂ ಇಳಿಸಬೇಕು. ಯಾವ ಅಕ್ಷರವಾದರೂ ತಗ್ಗಲೊಲ್ಲದೆ ಮೇಲೆದ್ದು ಕೇಳಿಸಿದರೆ ಅದು ಅಲ್ಲಿರತಕ್ಕದ್ದಲ್ಲ. ಈ ಎರಡನೆಯ ಪರೀಕ್ಷೆಯಲ್ಲಿ ಮೇಲಿನ ಹಾಡಿನ ಒಂದು ಮಾತು ಪೂರ್ತಿ ತೇರ್ಗಡೆಯಾಗುವುದಿಲ್ಲ: ‘ಅಪ್ಪ’. ಅಮ್ಮ, ತಮ್ಮ ಎಂಬಲ್ಲಿ ದ್ವಿತ್ವವಿದ್ದರೂ ಅದು ಅನುನಾಸಿಕ. ತುಟಿ ಮುಚ್ಚಿದರೂ ನಾದ ಮೂಗಿನಲ್ಲಿ ಹರಿಯುತ್ತಲೇ ಇರುತ್ತದೆ. ‘ಪ್ಪ’ ಎಂಬಲ್ಲಿ ನಾದ ಅರೆಗಳಿಗೆ ನಿಲ್ಲುತ್ತದೆ. ಆದರೆ ಅಪ್ಪನನ್ನು ಮನೆಯಿಂದ ಹೊರಗೆ ಹಾಕುವಂತಿಲ್ಲ. ಮೂಲದಲ್ಲೂ ‘ಪಾಪಾ’ ಎಂದು ಅದೇ ಪಕಾರವಿದೆ. ಇದ್ದುಕೊಳ್ಳಲಿ.

ಕಳೆದುಹೋದದ್ದೂ ಇದೆ. ‘ಲೊಲೊ’ ಎಂಬ ತೊದಲುಮಾತಿಗೆ ‘ಹಾಲು’ ಎಂಬ ದೊಡ್ಡವರ ಮಾತು ಬಂತು. ಲಕಾರವೊಂದು ಉಳಿಯಿತು, ತೊದಲು ಉಳಿಯಲಿಲ್ಲ. ಕೊಲಾ ಎಂಬ ಮೊಟಕು ಹೆಸರಿನ ಮುದ್ದು ನಿಕೋಲ ಎಂಬುದರಲ್ಲಿಲ್ಲ; ಆ ಸಲಿಗೆಯನ್ನೆಲ್ಲ ‘ತಮ್ಮಾ’ ಎಂಬ ಕರೆ ಹೊರಬೇಕಾಗಿದೆ. ಅದು ಹೊರಬಲ್ಲುದು. ಫ್ರೆಂಚಿನವರು ಪುಟ್ಟ ಎಂದೂ ಸೋದರ ಎಂದೂ ಎರಡು ಮಾತಿನಲ್ಲಿ ಹೇಳಬೇಕಾದುದನ್ನು ನಾವು ಆ ಒಂದೇ ಮಾತಿನಲ್ಲಿ ಹೇಳುತ್ತೇವೆ. ಹಾಡುವುದು ಅಕ್ಕನೋ ಅಣ್ಣನೋ ಎಂಬುದನ್ನು ಮೂಲವೂ ಹೇಳುವುದಿಲ್ಲ, ‘ತಮ್ಮಾ’ ಎಂಬುದೂ ಹೇಳುವುದಿಲ್ಲ. ಆ ಜಾಗ ಖಾಲಿಯಾಗಿದೆ. ಯಾವ ಮನೆಯ ಯಾವ ಮಗುವಾದರೂ ಅಲ್ಲಿ ನಿಂತು ಹಗ್ಗ ಹಿಡಿಯಬಹುದು.

ಮನೆಯಲ್ಲಿ ಕೂಸಿದ್ದವರು ಈ ಹಾಡನ್ನು ಹಿರಿಯ ಮಗುವಿಗೆ ಕಲಿಸಿಕೊಡಲಿ. ಕೂಸು ಹೆಣ್ಣಾದರೆ ‘ತಮ್ಮಾ’ ಇದ್ದಲ್ಲೆಲ್ಲ ‘ತಂಗೀ’ ಎನ್ನಬೇಕಾದೀತು. ಆಗ ಆಕಾರ ಹೋಗಿ ಈಕಾರ ಬಂದು ನಾದ ಒಡೆಯುತ್ತದೆ. ಅಂಥವರು ‘ಕಂದಾ’ ಎಂದು ಹಾಡಿಕೊಳ್ಳಲಿ. ನಿಕೋಲನಿಗೆ ಬದಲು ತಮ್ಮ ಮಗುವಿನ ಹೆಸರನ್ನು ಸೇರಿಸುವವರು ಅದರ ಮಾತ್ರೆಯನ್ನು ಮೊದಲು ಬೆರಳಲ್ಲಿ ಎಣಿಸಿಕೊಳ್ಳುವುದು ಒಳ್ಳೆಯದು. ಎಣಿಕೆ ತಪ್ಪಿದರೆ ಅದನ್ನು ತಿಳಿಸಲು ತೊಟ್ಟಿಲಲ್ಲಿಯೇ ಒಬ್ಬ ವಿಮರ್ಶಕ ಎಚ್ಚರವಾಗಿ ಮಲಗಿರುತ್ತಾನೆ.